ಅಂಗಾಲಿನ ಆಳಕ್ಕೆ ಮುಳ್ಳು ಹೊಕ್ಕರೆ: ತೆಗೆಯುವ ಕ್ರಮ ಮತ್ತು ಧನುರ್ವಾಯುವಿನ ಲೆಕ್ಕ

ಕಾಸರಗೋಡಿನ ತೋಟಗಳಲ್ಲಿ ಕಾಲಿಗೆ ಮುಳ್ಳು ಹೊಗುವುದು ಯಾರಿಗೂ ಹೊಸತಲ್ಲ. ಗುಡ್ಡೆಯಿಂದ ಸೊಪ್ಪು ಹೊರುವಾಗ ಬಿದಿರಿನ ಮುಳ್ಳು, ಬೇಲಿ ಬದಿಯಲ್ಲಿ ಈಚಲ ಮುಳ್ಳು, ಅಡಿಕೆ ಮರ ಸೀಳಿ ದಬ್ಬೆ ಮಾಡಿದ ಜಾಗದಲ್ಲಿ ಅಡಿಕೆ ಸಿಬರು. ಮೇಲಿನ ಚರ್ಮದಲ್ಲಿ ನಿಂತದ್ದನ್ನು ಎಲ್ಲರೂ ಅಲ್ಲೇ ಕೂತು ಕಿತ್ತು ಬಿಸಾಡುತ್ತಾರೆ. ಅದಕ್ಕೆ ಮಾರ್ಗದರ್ಶಿ ಬೇಡ. ನಾನು ಹೇಳಲು ಹೊರಟಿರುವುದು ಆಳಕ್ಕೆ ಇಳಿದ ಮುಳ್ಳಿನ ಬಗ್ಗೆ, ಅಂದರೆ ಅರ್ಧ ಕೈಗೆ ಬಂದು ಇನ್ನರ್ಧ ಒಳಗೇ ಉಳಿಯುವ ಮುಳ್ಳಿನ ಬಗ್ಗೆ.

ಇಲ್ಲಿ ಎರಡು ಕೆಲಸ ಇದೆ. ಒಂದು, ಮುಳ್ಳು ಪೂರ್ತಿ ಹೊರಗೆ ಬಂತಾ ಎಂದು ಖಚಿತ ಮಾಡಿಕೊಳ್ಳುವುದು. ಇನ್ನೊಂದು, ಧನುರ್ವಾಯುವಿನ ರಕ್ಷಣೆ ಈ ಮನುಷ್ಯನಿಗೆ ಇದೆಯಾ ಎಂದು ನೋಡುವುದು. ಒಂದು ಮಾಡಿದರೆ ಇನ್ನೊಂದು ಆದ ಹಾಗಲ್ಲ. "ಟಿಟಿ ಹೊಡೆಸಿಕೊಂಡಿದ್ದೇನೆ, ಇನ್ನು ಮುಳ್ಳು ತಾನಾಗಿಯೇ ಹೊರಗೆ ಬರ್ತದೆ" ಎನ್ನುವವರೂ ಇದ್ದಾರೆ, "ಮುಳ್ಳು ಬಂತಲ್ಲ, ಟಿಟಿ ಯಾಕೆ" ಎನ್ನುವವರೂ ಇದ್ದಾರೆ. ಇಬ್ಬರ ಲೆಕ್ಕವೂ ತಪ್ಪು.

ನಮ್ಮ ಕಡೆ ಆಗುವಂಥದ್ದೇ ಒಂದು ಸಂದರ್ಭ ಹಿಡಿಯೋಣ. ಪೆರ್ಲದ ಬದಿಯ ಒಂದು ಅಡಿಕೆ ತೋಟ. ಐವತ್ತರ ಹತ್ತಿರದ ಒಬ್ಬ ಅಣ್ಣ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದಾನೆ. ಕಾಲಲ್ಲಿ ಹವಾಯಿ ಚಪ್ಪಲಿ. ಒಣಗಿದ ಬಿದಿರಿನ ಮುಳ್ಳು ಚಪ್ಪಲಿಯನ್ನೇ ತೂರಿ, ಎರಡನೇ ಬೆರಳಿನ ಬುಡದ ಹತ್ತಿರ ಅಂಗಾಲಿಗೆ ಇಳಿದಿದೆ. ಕೆಳಗೆ ಹಟ್ಟಿಗೊಬ್ಬರ ಹರಡಿದ ನೆಲ. ಸಂಜೆ ಐದು ಗಂಟೆ.

ಮೊದಲು ನೋಡಬೇಕಾದದ್ದು: ಅದು ಮುಳ್ಳು ಹೌದಾ?

ಹುಲ್ಲಿನ ನಡುವೆ, ತರಗೆಲೆಯ ಮೇಲೆ ನಡೆಯುವಾಗ "ಮುಳ್ಳು ಚುಚ್ಚಿದ ಹಾಗಾಯಿತು" ಎಂದವರಿಗೆ ಕಚ್ಚಿದ್ದು ಹಾವೂ ಆಗಿರಬಹುದು. ಮುಳ್ಳಿನ ತುಂಡು ಕಾಣುವುದಿಲ್ಲ, ಕಪ್ಪು ಚುಕ್ಕೆಯೂ ಇಲ್ಲ, ಒಂದೋ ಎರಡೋ ಸಣ್ಣ ತೂತು ಮಾತ್ರ ಇದೆ ಎಂದಾದರೆ ಸಂಶಯ ಪಡಲೇಬೇಕು. ಬಾವು ಬೇಗ ಬೇಗ ಮೇಲೇರುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ರೆಪ್ಪೆ ಜೋತು ಬಿದ್ದರೆ ಮುಳ್ಳು ಹುಡುಕುತ್ತಾ ಕೂರಬೇಡಿ. ಬಾವು ಇಲ್ಲ ಎಂಬ ಒಂದೇ ಕಾರಣಕ್ಕೆ ಹಾವಲ್ಲ ಎಂದು ತೀರ್ಮಾನಿಸುವುದೂ ಸರಿಯಲ್ಲ, ಕೆಲವು ಹಾವು ಕಚ್ಚಿದರೆ ಗಾಯ ಊದುವುದೇ ಇಲ್ಲ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ನಡೆಸದೆ ಗಾಡಿಯಲ್ಲಿ ಕೂರಿಸಿ, ವಿಷಕ್ಕೆ ಮದ್ದಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ನಮ್ಮ ಅಣ್ಣನ ಚಪ್ಪಲಿಯಲ್ಲಿ ಮುಳ್ಳಿನ ಬುಡ ನೆಟ್ಟುಕೊಂಡೇ ಇದೆ, ಹಾಗಾಗಿ ಇಲ್ಲಿ ಆ ಸಂಶಯ ಇಲ್ಲ.

ಮನೆಯಲ್ಲಿ ಕೈ ಹಾಕಬಾರದ ಸಂದರ್ಭಗಳು

ಸಕ್ಕರೆ ಕಾಯಿಲೆ ಇರುವವರ ಅಂಗಾಲಿಗೆ ಮನೆಯಲ್ಲಿ ಸೂಜಿ ಹಾಕಲೇಬಾರದು. ಅವರಲ್ಲಿ ಹಲವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ, ನೋವು ಗೊತ್ತಾಗುವುದಿಲ್ಲ, ಗಾಯ ಒಣಗುವುದೂ ನಿಧಾನ. ಬೆರಳಿನ ಗಂಟಿನ ಮೇಲೆಯೇ ಹೊಕ್ಕಿದ್ದರೆ, ಹಿಮ್ಮಡಿಯ ಎಲುಬಿಗೆ ತಾಗಿದ ಹಾಗೆ ಅನಿಸಿದರೆ, ಬೆರಳು ಮಡಚಿ ಬಿಡಿಸುವಾಗ ಒಳಗೆ ಸೆಳೆತ ಬಂದರೆ ಆಗಲೂ ಬೇಡ. ನಿನ್ನೆ ಮೊನ್ನೆ ಹೊಕ್ಕು ಈಗ ಬಾತು ಕೆಂಪಾಗಿದ್ದರೆ, ಅಥವಾ ಮುಳ್ಳಿನ ತುದಿ ಹೊರಗಿನಿಂದ ಕಾಣುವುದೇ ಇಲ್ಲವಾದರೆ, ನೇರ ಆಸ್ಪತ್ರೆ.

ಹೊರಗೆ ಕಾಣುವ, ಅಥವಾ ಚರ್ಮದ ಮೇಲ್ಪದರದ ಅಡಿಯಲ್ಲೇ ಕಪ್ಪಗೆ ಕಾಣುವ ಮುಳ್ಳು ಮಾತ್ರ ಮನೆಯ ಕೆಲಸ.

ತಯಾರಿ

ಬೇಕಾದದ್ದು ಸ್ವಲ್ಪವೇ. ತುದಿ ಚೂಪಾಗಿರುವ ಒಂದು ಚಿಮುಟ, ಒಂದು ಹೊಲಿಗೆ ಸೂಜಿ, ಸೋಪು, ಟಾರ್ಚು, ಶುದ್ಧವಾದ ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್. ಹೊಲಿಗೆ ಸೂಜಿಗಿಂತ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸೀಲ್ ಇರುವ ಇಂಜೆಕ್ಷನ್ ಸೂಜಿ ಒಳ್ಳೆಯದು. ಅದು ಮೊದಲೇ ಶುದ್ಧವಾಗಿರುತ್ತದೆ, ಅದರ ಓರೆ ಅಂಚು ಚರ್ಮವನ್ನು ಹರಿಯದೆ ಕೊಯ್ಯುತ್ತದೆ. ಹೊಲಿಗೆ ಸೂಜಿ ಮತ್ತು ಚಿಮುಟವನ್ನಾದರೆ ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಿ. ಬೆಂಕಿಗೆ ಹಿಡಿದರೆ ಮಸಿ ಕೂರುತ್ತದೆ, ಆ ಮಸಿ ಗಾಯದೊಳಗೆ ಹೋಗಿ ಮುಳ್ಳು ಯಾವುದು ಮಸಿ ಯಾವುದು ಎಂದು ಗೊತ್ತಾಗದ ಹಾಗೆ ಮಾಡುತ್ತದೆ. ಬ್ಲೇಡು ಮಾತ್ರ ಬೇಡವೇ ಬೇಡ. ಅಂಗಾಲಿನಲ್ಲಿ ಬ್ಲೇಡು ಎಷ್ಟು ಆಳಕ್ಕೆ ಹೋಯಿತು ಎಂಬುದು ರಕ್ತ ಬಂದ ಮೇಲೆಯೇ ತಿಳಿಯುವುದು.

ಕಾಲನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಬಕೆಟ್ ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಇಡುವ ರೂಢಿ ನಮ್ಮಲ್ಲಿದೆ, ಅದನ್ನು ಮಾಡಬೇಡಿ. ಮುಳ್ಳು, ಸಿಬರು ಎರಡೂ ಮರದ ಜಾತಿ. ನೀರು ಕುಡಿದು ಉಬ್ಬುತ್ತವೆ, ಮೆತ್ತಗಾಗುತ್ತವೆ, ಎಳೆದಾಗ ಎಳೆ ಎಳೆಯಾಗಿ ಒಳಗೇ ತುಂಡಾಗುತ್ತವೆ. ಬರಿಗಾಲಲ್ಲಿ ನಡೆದು ಚರ್ಮ ದಪ್ಪವಾಗಿದ್ದರೆ ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ನಾಲ್ಕೈದು ನಿಮಿಷ ಒತ್ತಿ ಹಿಡಿದರೆ ಸಾಕು.

ಎಕ್ಕದ ಹಾಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಾಲು ಬಿಟ್ಟರೆ ಮುಳ್ಳು ಮೇಲೆ ಬರುತ್ತದೆ ಎನ್ನುವುದು ಹಳೆಯ ನಂಬಿಕೆ. ಅದು ಚರ್ಮವನ್ನು ಕೆರಳಿಸಿ ಊದಿಸುತ್ತದೆ, ಊದಿದ ಮೇಲೆ ಮುಳ್ಳಿನ ದಾರಿಯೇ ಮುಚ್ಚಿಹೋಗುತ್ತದೆ. ಅದೇ ಕೈ ಕಣ್ಣಿಗೆ ತಾಗಿದರೆ ಕಣ್ಣಿಗೂ ಹಾನಿ. ಗೇರೆಣ್ಣೆಯಂತೂ ಸುಟ್ಟು ಗುಳ್ಳೆ ಏಳಿಸುತ್ತದೆ. ಸುಣ್ಣ, ಸೆಗಣಿ, ಮಣ್ಣು ಯಾವುದನ್ನೂ ಮೆತ್ತಬೇಡಿ. ಸೆಗಣಿ, ಮಣ್ಣಿನಲ್ಲೇ ಧನುರ್ವಾಯುವಿನ ರೋಗಾಣು ಇರುವುದು.

ಮುಳ್ಳಿನ ದಾರಿ ಹುಡುಕುವುದು

ಗಾಯವಾದವನನ್ನು ಮಂಚದ ಮೇಲೆ ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಇರಲಿ. ಕೂತುಕೊಂಡು ತನ್ನ ಅಂಗಾಲನ್ನು ತಾನೇ ತಿರುಗಿಸಿ ಮುಳ್ಳು ಕೀಳುವವರೇ ಅರ್ಧದಲ್ಲಿ ತುಂಡು ಮಾಡಿಕೊಳ್ಳುವುದು ಜಾಸ್ತಿ. ಇನ್ನೊಬ್ಬರು ಕೀಳಬೇಕು, ಮತ್ತೊಬ್ಬರು ಟಾರ್ಚು ಹಿಡಿಯಬೇಕು. ಬೆಳಕು ನೇರ ಮೇಲಿಂದ ಬೇಡ, ಪಕ್ಕದಿಂದ ಓರೆಯಾಗಿ ಬಿಡಿ. ಆಗ ಚರ್ಮದ ಸಣ್ಣ ಉಬ್ಬು ಕೂಡ ನೆರಳು ಬಿದ್ದು ಎದ್ದು ಕಾಣುತ್ತದೆ.

ನಡೆಯುವಾಗ ಕಾಲು ಮುಂದಕ್ಕೆ ಸರಿಯುತ್ತಾ ಊರುತ್ತದೆ. ಅದಕ್ಕೇ ಮುಳ್ಳು ನೆಟ್ಟಗೆ ಇರುವುದು ಅಪರೂಪ, ಸಾಮಾನ್ಯವಾಗಿ ಓರೆಯಾಗಿಯೇ ಇಳಿದಿರುತ್ತದೆ. ಯಾವ ಕಡೆಗೆ ಓರೆ ಎಂದು ತಿಳಿಯಲು ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದ ತೂತಿನ ಸುತ್ತ ಹಗುರವಾಗಿ ಒತ್ತುತ್ತಾ ಬನ್ನಿ. "ಅಣ್ಣಾ, ಇಲ್ಲಿ ಜಾಸ್ತಿಯಾ, ಇಲ್ಲಿ ಜಾಸ್ತಿಯಾ?" ಎಂದು ಕೇಳಿ. ತೂತಿನಿಂದ ಯಾವ ದಿಕ್ಕಿನಲ್ಲಿ ಚುಚ್ಚಿದ ನೋವು ಬರುತ್ತದೋ ಮುಳ್ಳು ಆ ಕಡೆಗೆ ಮಲಗಿದೆ. ಎರಡು ಬೆರಳಲ್ಲಿ ಹಿಂಡಬೇಡಿ. ಹಿಂಡಿದರೆ ಒಣ ಮುಳ್ಳು ಒಳಗೇ ಮುರಿಯುತ್ತದೆ, ಇಲ್ಲವೇ ಇನ್ನಷ್ಟು ಆಳಕ್ಕೆ ಜಾರುತ್ತದೆ.

ತೆಗೆಯುವುದು

ಹೊರಗೆ ತುದಿ ಕಾಣುತ್ತಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿಯೇ ಹಿಡಿಯಿರಿ. ಮೇಲಿನ ತುದಿ ಹಿಡಿದರೆ ಅಲ್ಲೇ ಮುರಿಯುತ್ತದೆ. ಹೊಕ್ಕ ದಾರಿಯಲ್ಲೇ, ಅದೇ ಓರೆಯಲ್ಲಿ ನಿಧಾನಕ್ಕೆ ಎಳೆಯಿರಿ. ಜಗ್ಗಬೇಡಿ, ಅಲ್ಲಾಡಿಸಬೇಡಿ.

ತುದಿ ಚರ್ಮದ ಅಡಿಯಲ್ಲಿದ್ದರೆ ಅದರ ಮೇಲಿನ ಮಾಡನ್ನು ತೆಗೆಯಬೇಕು. ಸೂಜಿಯನ್ನು ನೇರ ಕೆಳಗೆ ಚುಚ್ಚುವುದಲ್ಲ. ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಹಿಡಿದು, ತೂತಿನಿಂದ ಶುರು ಮಾಡಿ, ಮುಳ್ಳು ಮಲಗಿದ ದಿಕ್ಕಿಗೇ ಮೇಲ್ಪದರವನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ಬಿಡಿಸಬೇಕು. ಅಂಗಾಲಿನ ಈ ಗಟ್ಟಿ ಪದರ ಸತ್ತ ಚರ್ಮ. ಅದರಲ್ಲಿ ರಕ್ತ ಇಲ್ಲ, ನೋವೂ ಇಲ್ಲ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ: ರಕ್ತ ಜಿನುಗಿತು, ಅಣ್ಣ ಕಾಲು ಎಳೆದುಕೊಂಡ ಎಂದರೆ ಸೂಜಿ ಜೀವ ಇರುವ ಚರ್ಮಕ್ಕೆ ಬಂದಿದೆ ಎಂದರ್ಥ. ಅದರ ಕೆಳಗೆ ಮನೆಯಲ್ಲಿ ಯಾರೂ ಹೋಗಬಾರದು. ಹತ್ತು ನಿಮಿಷದಲ್ಲಿ ಬರದಿದ್ದರೆ ನಿಲ್ಲಿಸಿ. ಅದರಾಚೆ ಕೆದಕಿದಷ್ಟೂ ಗಾಯ ದೊಡ್ಡದಾಗುತ್ತದೆ, ಆಮೇಲೆ ವೈದ್ಯರಿಗೂ ಮುಳ್ಳು ಎಲ್ಲಿದೆ ಎಂದು ಸಿಗುವುದಿಲ್ಲ.

ಬಂದದ್ದು ಪೂರ್ತಿ ಬಂತಾ?

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ತೆಗೆದ ಮುಳ್ಳನ್ನು ಬಿಸಾಡಬೇಡಿ. ಬಿಳಿ ಕಾಗದದ ಮೇಲೆ ಇಟ್ಟು ಟಾರ್ಚು ಬಿಟ್ಟು ನೋಡಿ. ತುದಿ ಸೂಜಿಯ ಹಾಗೆ ಚೂಪಾಗಿದೆಯೋ, ಇಲ್ಲ ಕತ್ತರಿಸಿದ ಹಾಗೆ ಮೊಂಡಾಗಿದೆಯೋ? ಅದೇ ಗಿಡದ ಇನ್ನೊಂದು ಮುಳ್ಳು ತಂದು ಪಕ್ಕಕ್ಕೆ ಇಟ್ಟರೆ ಕಣ್ಣಿಗೆ ಹೊಡೆಯುವ ಹಾಗೆ ಗೊತ್ತಾಗುತ್ತದೆ. ಮೊಂಡಾಗಿದ್ದರೆ ತುದಿ ಒಳಗಿದೆ. ಅಡಿಕೆ ಸಿಬರಿಗೆ ಈ ಪರೀಕ್ಷೆ ಅಷ್ಟು ನಂಬಿಕೆಯದ್ದಲ್ಲ, ಯಾಕೆಂದರೆ ಅದು ಉದ್ದಕ್ಕೆ ಎಳೆಯಾಗಿ ಸೀಳುತ್ತದೆ. ತುದಿ ಚೂಪಾಗಿದ್ದರೂ ಪಕ್ಕದ ಒಂದೆಳೆ ಒಳಗೆ ಉಳಿದಿರಬಹುದು.

ಚಪ್ಪಲಿ ತೂರಿ ಬಂದ ಮುಳ್ಳಾದರೆ ಚಪ್ಪಲಿಯ ತೂತನ್ನೂ ನೋಡಿ. ಮುಳ್ಳು ಕೆಲವೊಮ್ಮೆ ರಬ್ಬರಿನ ಸಣ್ಣ ತುಣುಕನ್ನು ತನ್ನ ಜೊತೆ ಕಾಲಿನೊಳಗೆ ನೂಕಿರುತ್ತದೆ. ಹಾಗಾದಾಗ ಒಂದು ಬಗೆಯ ಹಟಮಾರಿ ಸೋಂಕು ಬರುವ ಅಪಾಯ ಇದೆ, ಅದಕ್ಕೆ ಮಾಮೂಲಿ ಮಾತ್ರೆ ತಾಗುವುದಿಲ್ಲ. ಹಾಗಾಗಿ ವೈದ್ಯರಿಗೆ "ಚಪ್ಪಲಿ ತೂರಿ ಹೊಕ್ಕಿತ್ತು" ಎಂದು ಬಾಯಿಬಿಟ್ಟು ಹೇಳಬೇಕು.

ನಮ್ಮ ಅಣ್ಣನ ಮುಳ್ಳು ಹೊರಗೆ ಬಂತು. ಕಾಗದದ ಮೇಲೆ ಇಟ್ಟು ನೋಡಿದರೆ ತುದಿ ಮೊಂಡು. ಕಾಲು ಊರಿದರೆ ಒಳಗೆ ಇನ್ನೂ ಚುಚ್ಚುತ್ತದೆ. ಇಲ್ಲಿಗೆ ಮನೆಯ ಕೆಲಸ ಮುಗಿಯಿತು. ಮುಳ್ಳಿನ ತುಂಡನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಕಳಿಸಬೇಕು. ವೈದ್ಯರಿಗೆ ಅದರ ದಪ್ಪ, ಬಣ್ಣ ನೋಡಿದರೆ ಒಳಗಿರುವುದನ್ನು ಗುರುತಿಸಲು ಸುಲಭ.

ಮುಳ್ಳು ಪೂರ್ತಿ ಬಂದಿದ್ದರೂ ಬರದಿದ್ದರೂ ಗಾಯಕ್ಕೆ ಮಾಡುವುದು ಒಂದೇ. ಐದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಸುತ್ತ ಅಯೋಡಿನ್ ಹಚ್ಚಿ, ಗಾಜ್ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ತೂತನ್ನು ಮೇಣದಿಂದಲೋ ಗಮ್ಮಿನಿಂದಲೋ ಮುಚ್ಚಬೇಡಿ. ಧನುರ್ವಾಯುವಿನ ರೋಗಾಣು ಗಾಳಿ ಸಿಗದ ಜಾಗದಲ್ಲೇ ಬೆಳೆಯುವುದು, ನೀವು ಅದಕ್ಕೆ ಬೇಕಾದ ಹಾಗೆ ಕೋಣೆ ಕಟ್ಟಿಕೊಟ್ಟ ಹಾಗಾಗುತ್ತದೆ. ಎರಡು ಮೂರು ದಿನ ಕೆಸರಿಗೆ, ಹಟ್ಟಿಗೆ ಇಳಿಯುವುದು ಬೇಡ.

ಧನುರ್ವಾಯುವಿನ ಲೆಕ್ಕ

ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಧನುರ್ವಾಯು ಬರುತ್ತದೆ ಎಂದು ನಂಬಿದವರು ಬಹಳ. ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ, ದನದ ಗೊಬ್ಬರದಲ್ಲಿ ಇರುತ್ತವೆ. ಮುಳ್ಳು ಅವನ್ನು ಹೊತ್ತುಕೊಂಡು ಗಾಳಿ ಸಿಗದ ಆಳಕ್ಕೆ ಒಯ್ಯುತ್ತದೆ. ಹಟ್ಟಿಗೊಬ್ಬರ ಹರಡಿದ ತೋಟದಲ್ಲಿ ಅಂಗಾಲಿಗೆ ಆಳವಾಗಿ ಹೊಕ್ಕ ಮುಳ್ಳು ಎಂದರೆ ಕೊಳಕು ಗಾಯ ಎಂದೇ ಲೆಕ್ಕ, ಹೊರಗೆ ಎಷ್ಟೇ ಸಣ್ಣ ತೂತು ಇರಲಿ.

ಚುಚ್ಚುಮದ್ದು ಬೇಕಾ ಬೇಡವಾ ಎನ್ನುವುದು ಎರಡು ಪ್ರಶ್ನೆಯ ಮೇಲೆ ನಿಂತಿದೆ. ಜೀವನದಲ್ಲಿ ಒಟ್ಟು ಎಷ್ಟು ಡೋಸ್ ಆಗಿದೆ? ಕೊನೆಯದ್ದು ಆಗಿ ಎಷ್ಟು ವರ್ಷ ಆಯಿತು?

ಮೂರು ಅಥವಾ ಅದಕ್ಕಿಂತ ಜಾಸ್ತಿ ಡೋಸ್ ಆಗಿದ್ದು, ಕೊನೆಯದ್ದು ಆಗಿ 5 ವರ್ಷ ದಾಟಿಲ್ಲ ಎಂದರೆ ಇಂಥ ಕೊಳಕು ಗಾಯಕ್ಕೂ ಹೊಸ ಡೋಸ್ ಬೇಡ. 5 ವರ್ಷ ದಾಟಿದ್ದರೆ ಒಂದು ಡೋಸ್ ಸಾಕು. ಶುದ್ಧವಾದ ಸಣ್ಣ ಗಾಯಕ್ಕಾದರೆ ಈ ಗಡುವು 10 ವರ್ಷ. ಪ್ರತಿ ಸಲ ಗೀರಿದಾಗಲೂ, ಆರು ತಿಂಗಳಿಗೊಮ್ಮೆ ಟಿಟಿ ಹೊಡೆಸಿಕೊಳ್ಳುವ ಅಭ್ಯಾಸಕ್ಕೆ ಅರ್ಥವಿಲ್ಲ.

ಮೂರು ಡೋಸ್ ಆಗಿಲ್ಲ, ಅಥವಾ ಆಗಿದೆಯೋ ಇಲ್ಲವೋ ನೆನಪಿಲ್ಲ ಎಂದಾದರೆ ಲೆಕ್ಕವೇ ಬೇರೆ. ಲಸಿಕೆ ಮೊದಲ ಸಲ ಕೊಟ್ಟಾಗ ದೇಹ ತನ್ನ ರಕ್ಷಣೆ ಕಟ್ಟಿಕೊಳ್ಳಲು ವಾರಗಳು ಬೇಕು. ರೋಗ ಅಷ್ಟು ಕಾಯುವುದಿಲ್ಲ. ಹಾಗಾಗಿ ಕೊಳಕು ಗಾಯವಾದಾಗ ಇವರಿಗೆ ಲಸಿಕೆಯ ಜೊತೆಗೆ ಟೆಟನಸ್ ಇಮ್ಯುನೋಗ್ಲೋಬುಲಿನ್ ಎಂಬ ಇನ್ನೊಂದು ಚುಚ್ಚುಮದ್ದೂ ಬೇಕು. ಅದು ಸಿದ್ಧ ರಕ್ಷಣೆ, ಕೂಡಲೇ ಕೆಲಸ ಮಾಡುತ್ತದೆ. ಸಾಮಾನ್ಯ ಪ್ರಮಾಣ 250 ಯೂನಿಟ್, ಲಸಿಕೆ ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಕೊಡುತ್ತಾರೆ. ಇದು ಎಲ್ಲ ಕಡೆ ಇರುವುದಿಲ್ಲ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು, ಇದಕ್ಕೆ ಎಲ್ಲಿ ಹೋಗಬೇಕು ಎಂದು ಅಲ್ಲೇ ಕೇಳಿ.

ಈ ಎರಡನೆಯ ಗುಂಪಿನಲ್ಲಿ ಯಾರಿದ್ದಾರೆ ಎಂದು ನೋಡಿದರೆ ನಮ್ಮ ತೋಟದ ಹಿರಿಯ ಗಂಡಸರೇ ಜಾಸ್ತಿ. ಹೆಂಗಸರಿಗೆ ಬಸುರಿಯಾಗಿದ್ದಾಗ ಟಿಟಿ ಆಗಿರುತ್ತದೆ. ಈಗಿನ ಮಕ್ಕಳಿಗೆ ಆರು, ಹತ್ತು, ಹದಿನಾಲ್ಕನೇ ವಾರದಿಂದ ಶುರುವಾಗಿ 16 ವರ್ಷದ ವರೆಗೂ ಡೋಸ್ ಇದೆ. ಐವತ್ತು ದಾಟಿದ ಗಂಡಸಿಗೆ ಬಾಲ್ಯದಲ್ಲಿ ಆಗಿದೆಯಾ ಎಂದು ಹೇಳುವವರು ಯಾರೂ ಇಲ್ಲ. "ಯಾವಾಗಲೋ ಒಂದು ಆಗಿದೆ" ಎನ್ನುವುದು ಮೂರು ಡೋಸ್ ಆದ ಹಾಗಲ್ಲ. ಹೊರ ರಾಜ್ಯಗಳಿಂದ ಬಂದ ಕೆಲಸದವರ ವಿಷಯದಲ್ಲೂ ಚೀಟಿ ಇಲ್ಲದಿದ್ದರೆ ಆಗಿಲ್ಲ ಎಂದೇ ಹಿಡಿಯುವುದು ಕ್ಷೇಮ.

ಅಂದ ಹಾಗೆ, ಈಗ ಸರ್ಕಾರಿ ಕೇಂದ್ರದಲ್ಲಿ ಕೊಡುವುದು ಟಿಟಿ ಅಲ್ಲ, ಟಿಡಿ. ಧನುರ್ವಾಯುವಿನ ಜೊತೆ ಗಂಟಲುಮಾರಿಗೂ ರಕ್ಷಣೆ ಇದೆ. ಚೀಟಿಯಲ್ಲಿ ಟಿಡಿ ಎಂದಿದ್ದರೆ ಬೇರೇನೋ ಕೊಟ್ಟರು ಎಂದು ಗಾಬರಿ ಬೇಡ.

ಆಸ್ಪತ್ರೆಯಲ್ಲಿ

ಅಣ್ಣ ರಾತ್ರಿ ಮಲಗಿ ನೋಡೋಣ ಎಂದ. ಹಾಗೆ ತಳ್ಳಬಹುದಾ? ಮರುದಿನ ಬೆಳಗ್ಗೆಯೇ ಹೋಗುವುದಾದರೆ ಪರವಾಗಿಲ್ಲ, ವಾರ ತಳ್ಳುವುದು ಬೇಡ. ಒಪಿ ಚೀಟಿ ಮಾಡಿಸಿ ಒಳಗೆ ಹೋದಾಗ ಐದು ವಿಷಯ ಕೇಳದೆಯೇ ಹೇಳಬೇಕು: ಯಾವ ಗಿಡದ ಮುಳ್ಳು, ಎಷ್ಟು ಹೊತ್ತಾಯಿತು, ಚಪ್ಪಲಿ ತೂರಿ ಬಂದದ್ದಾ, ಸಕ್ಕರೆ ಕಾಯಿಲೆ ಇದೆಯಾ, ಕೊನೆಯ ಟಿಟಿ ಯಾವಾಗ.

ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಎಂದು ಬಂದರೆ ಮುಳ್ಳು ಇಲ್ಲ ಎಂದಲ್ಲ. ಎಕ್ಸ್‌ರೇಯಲ್ಲಿ ಮೊಳೆ, ಗಾಜು ಕಾಣುತ್ತದೆ, ಮುಳ್ಳು ಮತ್ತು ಮರದ ಸಿಬರು ಹೆಚ್ಚಾಗಿ ಕಾಣುವುದೇ ಇಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ನೋವು ಹಾಗೇ ಉಳಿದಿದ್ದರೆ "ಸ್ಕ್ಯಾನ್ ಮಾಡಬಹುದಾ ಡಾಕ್ಟ್ರೇ" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ವೈದ್ಯರು ಮರಗಟ್ಟಿಸುವ ಮದ್ದು ಕೊಟ್ಟು, ಸಣ್ಣದಾಗಿ ಕೊಯ್ದು ತುದಿ ತೆಗೆಯುತ್ತಾರೆ, ಒಳಗೆಲ್ಲ ತೊಳೆಯುತ್ತಾರೆ. ಇಂಥ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ, ತೆರೆದೇ ಬಿಡುತ್ತಾರೆ. ಅರ್ಧಕ್ಕೆ ಬಿಟ್ಟರು ಎಂದುಕೊಳ್ಳಬೇಡಿ, ಒಳಗಿಂದ ತುಂಬಿಕೊಂಡು ಬರಲಿ ಎಂದೇ ಹಾಗೆ. ಆಂಟಿಬಯಾಟಿಕ್ ಬೇಕಾ ಎಂದು ಅವರು ಗಾಯ ನೋಡಿ ಹೇಳುತ್ತಾರೆ, ಅಂಗಡಿಯಿಂದ ಸುಮ್ನೆ ನಾಲ್ಕು ಮಾತ್ರೆ ತಂದು ನುಂಗುವುದು ಬೇಡ.

ನಮ್ಮ ಅಣ್ಣನಿಗೆ ಶಾಲೆ ಬಿಟ್ಟ ಮೇಲೆ ಟಿಟಿ ಆದ ನೆನಪಿಲ್ಲ. ಹಾಗಾಗಿ ಆ ದಿನ ಟಿಡಿಯ ಮೊದಲ ಡೋಸ್, ಜೊತೆಗೆ ಇಮ್ಯುನೋಗ್ಲೋಬುಲಿನ್. ಎರಡನೆಯ ಡೋಸ್ ನಾಲ್ಕು ವಾರ ಕಳೆದು, ಮೂರನೆಯದ್ದು ಅದಾದ ಆರರಿಂದ ಹನ್ನೆರಡು ತಿಂಗಳಲ್ಲಿ. ಗಾಯ ಒಣಗಿದ ಮೇಲೆ ಎರಡನೆಯದ್ದಕ್ಕೆ ಯಾರೂ ಹೋಗುವುದಿಲ್ಲ. ಮೂರೂ ಆಗದಿದ್ದರೆ ಮುಂದಿನ ಮುಳ್ಳಿಗೆ ಮತ್ತೆ ಇದೇ ಗೋಳು. ತಾರೀಕನ್ನು ಫೋನಿನಲ್ಲಿ ಚೀಟಿಯ ಫೋಟೋ ಸಮೇತ ಇಟ್ಟುಕೊಳ್ಳಿ, ತೋಟದ ಯಜಮಾನರೂ ಕೆಲಸದವರ ತಾರೀಕು ಬರೆದಿಡಬೇಕು.

ಮನೆಗೆ ಬಂದ ಮೇಲೆ ಗಮನಿಸುವುದು

ಸರಿಯಾಗಿ ತೆಗೆದ ಮುಳ್ಳಿನ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೇ ದಿನ ಜಾಸ್ತಿಯಾದರೆ, ಕೆಂಪು ಹರಡಿದರೆ, ಕೀವು ಬಂದರೆ, ಕಾಲಿನ ಮೇಲೆ ಕೆಂಪು ಗೆರೆ ಏರಿದರೆ, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ಜ್ವರ ಬಂದರೆ ಅದೇ ದಿನ ಮತ್ತೆ ತೋರಿಸಿ.

ಧನುರ್ವಾಯುವಿನ ಲಕ್ಷಣ ಸಾಮಾನ್ಯವಾಗಿ 3ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಗಾಯ ಮಾಯಿರಲೂಬಹುದು. ಮೊದಲು ದವಡೆ ಬಿಗಿಯುತ್ತದೆ. ಅನ್ನದ ತುತ್ತಿಗೆ ಬಾಯಿ ಸಾಕಷ್ಟು ತೆರೆಯದು, ನುಂಗಲು ಕಷ್ಟ, ಕುತ್ತಿಗೆ ಸೆಟೆಯುತ್ತದೆ. ಇದನ್ನು ಹಲ್ಲುನೋವು, ಶೀತ ಎಂದು ತಿಳಿದು ದಿನ ಕಳೆಯಬೇಡಿ. ಸಣ್ಣ ಕೇಂದ್ರಗಳಲ್ಲಿ ನಿಲ್ಲದೆ, ಐಸಿಯು ಇರುವ ಆಸ್ಪತ್ರೆಗೇ ಹೋಗಬೇಕು.

ಇನ್ನೊಂದು ತುಂಬಾ ತಡವಾಗಿ ಬರುವಂಥದ್ದು. ಒಳಗೆ ಉಳಿದ ತುಂಡಿನ ಸುತ್ತ ಗಂಟು ಕಟ್ಟಿ, ಆಗಾಗ ಒಡೆದು ಕೀವು ಸುರಿದು, ಮತ್ತೆ ಮುಚ್ಚುತ್ತದೆ. ಬೆರಳಿನ ಗಂಟಿನ ಹತ್ತಿರ ಉಳಿದರೆ ಆ ಗಂಟೇ ತಿಂಗಳುಗಟ್ಟಲೆ ಬಾತು ಸಂಧಿವಾತದ ಹಾಗೆ ಕಾಣುತ್ತದೆ. ಮುಳ್ಳಿನ ಜೊತೆ ಮಣ್ಣಿನ ಶಿಲೀಂಧ್ರ ಒಳಗೆ ಹೋಗಿದ್ದರೆ ತಿಂಗಳು, ವರ್ಷಗಳ ಮೇಲೆ ಪಾದ ನೋವಿಲ್ಲದೆ ಊದಿ, ಹಲವು ತೂತುಗಳಿಂದ ರವೆಯಂಥ ಕಪ್ಪು ಅಥವಾ ಬಿಳಿ ಕಾಳುಗಳು ಬರುತ್ತವೆ. 1842ರಲ್ಲಿ ತಮಿಳುನಾಡಿನ ಮದುರೆಯಲ್ಲಿ ವೈದ್ಯರು ಇದನ್ನು ದಾಖಲಿಸಿದ್ದರಿಂದ ಇದಕ್ಕೆ ಮಧುರಾ ಪಾದ ಎಂಬ ಹೆಸರೇ ಬಂತು. ನೋವಿಲ್ಲ ಎಂದು ಬಿಟ್ಟವರಿಗೆ ಇದು ಎಲುಬಿನ ತನಕ ಇಳಿಯುತ್ತದೆ. ಇಂಥ ಊತಕ್ಕೆ ತೋರಿಸಲು ಹೋದಾಗ ಹಳೆಯ ಮುಳ್ಳಿನ ಸುದ್ದಿ ವೈದ್ಯರಿಗೆ ಗೊತ್ತಿರುವುದಿಲ್ಲ, ಅವರು ಕೇಳದೆಯೂ ಇರಬಹುದು. "ಹೋದ ವರ್ಷ ಇದೇ ಜಾಗಕ್ಕೆ ಬಿದಿರಿನ ಮುಳ್ಳು ಹೊಕ್ಕಿತ್ತು" ಎಂದು ನೀವೇ ಮೊದಲು ಹೇಳಿ.